ಬಾಣದ ತುದಿ ಎಲ್ಲಿ ನಿಂತಿದೆ?

ಒಂದು ಜೀವಕೋಶದ ಚಿತ್ರ. ಅದರ ಮೇಲೆ ನಾಲ್ಕು ಬಾಣ, ಎ, ಬಿ, ಸಿ, ಡಿ ಅಂತ. ಕೆಳಗೆ ನಾಲ್ಕು ಆಯ್ಕೆ, ಒಂದೊಂದು ಆಯ್ಕೆಯಲ್ಲೂ ನಾಲ್ಕು ಹೆಸರು. ನಾಲ್ಕಕ್ಕೆ ನಾಲ್ಕೂ ಸರಿ ಇರುವ ಆಯ್ಕೆ ಒಂದೇ. ನೀಟ್ ಬರೆದವರಿಗೆಲ್ಲ ಈ ಪ್ರಶ್ನೆಯ ಪರಿಚಯ ಇದೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಪಿಯುಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ತಗೊಂಡು "ಇನ್ನು ಕಪ್ಪೆ ಸಹವಾಸ ಇಲ್ಲ" ಅಂತ ಬಂದವರು. ಬಂದ ಮೇಲೆ ನಮಗೂ ಒಂದು ಸೆಮಿಸ್ಟರಿಗೆ ಬಯಾಲಜಿ ಪೇಪರ್ ಇದೆ ಅಂತ ಗೊತ್ತಾಯ್ತು. ಅದೂ ಸಾಲದು ಅಂತ ಮನೆಯಲ್ಲಿ ತಂಗಿಯೋ ತಮ್ಮನೋ ನೀಟ್ ಪುಸ್ತಕ ಹಿಡಿದುಕೊಂಡು "ಅಣ್ಣಾ, ಇದು ಹೇಳ್ಕೊಡು" ಅಂತ ಬರ್ತಾರೆ.

ಈ ಪ್ರಶ್ನೆಗಳನ್ನು ಎಲ್ಲರೂ "ನೆನಪಿದ್ರೆ ಬರತ್ತೆ, ಇಲ್ಲಾಂದ್ರೆ ಇಲ್ಲ" ಅನ್ನೋ ಸಾಲಿಗೆ ಸೇರಿಸುತ್ತಾರೆ. ನಾವು ಕ್ಲಬ್ಬಿನ ಕೆಲವರು ಕೂತು ಇಂಥ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿದಾಗ ನಮಗೆ ಕಂಡದ್ದು ಬೇರೆ. ಹೆಸರುಗಳೆಲ್ಲ ಬಾಯಿಪಾಠ ಇರುವವರೂ ತಪ್ಪು ಮಾಡುವ ಜಾಗ ಒಂದಿದೆ, ಅದು ಬಾಣದ ತುದಿ. ಬಾಣ ಮೈಟೊಕಾಂಡ್ರಿಯದ ಕಡೆ ಹೋಗಿದೆ ಅಂತ ನೋಡಿ ನಿಲ್ಲಿಸಿಬಿಡುತ್ತಾರೆ. ಅದು ಮೈಟೊಕಾಂಡ್ರಿಯದ ಯಾವ ಗೆರೆಯನ್ನು ಮುಟ್ಟಿದೆ, ಅಥವಾ ಯಾವ ಎರಡು ಗೆರೆಗಳ ಮಧ್ಯೆ ನಿಂತಿದೆ ಅಂತ ನೋಡುವುದಿಲ್ಲ. ಪ್ರಶ್ನೆ ತೆಗೆಯುವವರಿಗೆ ಬೇಕಾಗಿರುವುದೂ ಅದೇ.

ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ. ನಮ್ಮ ಜೊತೆ ನೀವೂ ಚಿತ್ರ ಬರೆದರೆ ಮುಂದಿನದು ಸುಲಭ.

ಕ್ಯಾಪ್ಸೂಲ್ ಮಾತ್ರೆಯ ಆಕಾರದಲ್ಲಿ ಒಂದು ಗೆರೆ ಎಳೆಯಿರಿ. ಅದರ ಒಳಗೆ, ಸ್ವಲ್ಪ ಜಾಗ ಬಿಟ್ಟು, ಇನ್ನೊಂದು ಗೆರೆ. ಈ ಎರಡನೇ ಗೆರೆ ಸುಮ್ಮನೆ ಸುತ್ತಿಕೊಂಡು ಬರುವುದಿಲ್ಲ. ಅಲ್ಲಲ್ಲಿ ಒಳಕ್ಕೆ ಬೆರಳಿನ ಹಾಗೆ ಚಾಚಿ, ಮತ್ತೆ ವಾಪಸ್ ಬಂದು, ಮುಂದೆ ಹೋಗುತ್ತದೆ. ಮೈಟೊಕಾಂಡ್ರಿಯ ರೆಡಿ. ನಿಜವಾದದ್ದು ಅಗಲದಲ್ಲಿ 0.2 ರಿಂದ 1 ಮೈಕ್ರೊಮೀಟರ್ ಇರತ್ತೆ, ಉದ್ದದಲ್ಲಿ 1 ರಿಂದ 4 ಮೈಕ್ರೊಮೀಟರ್ ಅಂತ ಪಠ್ಯಪುಸ್ತಕ ಕೊಡುತ್ತದೆ. ಈಗ ನಾಲ್ಕು ಬಾಣ ಹಾಕಿ. ಎ ಬಾಣದ ತುದಿ ಹೊರಗಿನ ಗೆರೆಯ ಮೇಲೆ. ಬಿ ಬಾಣದ ತುದಿ ಒಂದು ಬೆರಳಿನ ಒಳಗೆ, ಅಂದರೆ ಹೋಗುವ ಗೆರೆಗೂ ವಾಪಸ್ ಬರುವ ಗೆರೆಗೂ ನಡುವೆ ಇರುವ ಇಕ್ಕಟ್ಟಿನ ಸಂದಿಯಲ್ಲಿ. ಸಿ ಬಾಣ ಇನ್ನೊಂದು ಬೆರಳಿನ ಗೆರೆಯನ್ನೇ ಮುಟ್ಟಿದೆ. ಡಿ ಬಾಣ ಬೆರಳುಗಳೆಲ್ಲದರ ಆಚೆ, ಮಧ್ಯದ ದೊಡ್ಡ ಬಯಲಲ್ಲಿ ನಿಂತಿದೆ. ಆಯ್ಕೆಗಳು ಹೀಗಿವೆ:

1) ಎ ಹೊರಪೊರೆ, ಬಿ ಮ್ಯಾಟ್ರಿಕ್ಸ್, ಸಿ ಕ್ರಿಸ್ಟ, ಡಿ ಪೊರೆಗಳ ನಡುವಿನ ಅವಕಾಶ
2) ಎ ಹೊರಪೊರೆ, ಬಿ ಪೊರೆಗಳ ನಡುವಿನ ಅವಕಾಶ, ಸಿ ಕ್ರಿಸ್ಟ, ಡಿ ಮ್ಯಾಟ್ರಿಕ್ಸ್
3) ಎ ಒಳಪೊರೆ, ಬಿ ಪೊರೆಗಳ ನಡುವಿನ ಅವಕಾಶ, ಸಿ ಕ್ರಿಸ್ಟ, ಡಿ ಮ್ಯಾಟ್ರಿಕ್ಸ್
4) ಎ ಹೊರಪೊರೆ, ಬಿ ಪೊರೆಗಳ ನಡುವಿನ ಅವಕಾಶ, ಸಿ ಮ್ಯಾಟ್ರಿಕ್ಸ್, ಡಿ ಕ್ರಿಸ್ಟ

(ಈ ಮ್ಯಾಟ್ರಿಕ್ಸಿಗೆ ಸಾಲು, ಕಂಬಸಾಲು, ಡಿಟರ್ಮಿನಂಟ್ ಏನೂ ಇಲ್ಲ. ಗಾಬರಿ ಬೇಡ.)

ಹೆಚ್ಚಿನವರು ಎ ಯಿಂದ ಶುರು ಮಾಡಿ ಅಡ್ಡಡ್ಡ ಓದುತ್ತಾರೆ. ಆಯ್ಕೆ 1 ಓದುತ್ತಾರೆ, ಎ ಸರಿ. ಬಿ ಬಾಣ ಮೈಟೊಕಾಂಡ್ರಿಯದ ಒಳಗೇ ಇದೆಯಲ್ಲ, ಹಾಗಾದರೆ ಮ್ಯಾಟ್ರಿಕ್ಸ್, ಸರಿ. ಸಿ ಕ್ರಿಸ್ಟ, ಸರಿ. ಮೂರು ಸರಿ ಬಂದ ಮೇಲೆ ನಾಲ್ಕನೆಯದನ್ನು ಯಾರೂ ಗಟ್ಟಿಯಾಗಿ ನೋಡುವುದಿಲ್ಲ. ಆಯ್ಕೆ 1 ಇಟ್ಟಿರುವುದೇ ಹೀಗೆ ಓದುವವರಿಗೋಸ್ಕರ.

ಅಡ್ಡ ಓದುವ ಬದಲು ಉದ್ದಕ್ಕೆ ಓದಿ. ಒಂದು ಬಾಣ ತಗೊಂಡು ನಾಲ್ಕೂ ಆಯ್ಕೆಯಲ್ಲಿ ಅದಕ್ಕೆ ಏನು ಹೆಸರು ಕೊಟ್ಟಿದ್ದಾರೆ ನೋಡಿ. ಎ ಗೆ ಮೂರು ಕಡೆ ಹೊರಪೊರೆ, ಒಂದು ಕಡೆ ಒಳಪೊರೆ. ಅಂದರೆ ಎ ಬಗ್ಗೆ ಖಾತ್ರಿ ಆದರೆ ಒಂದೇ ಒಂದು ಆಯ್ಕೆ ಹೋಗತ್ತೆ. ಬಿ, ಸಿ ಕಥೆಯೂ ಅಷ್ಟೇ. ಡಿ ನೋಡಿ: ಅವಕಾಶ, ಮ್ಯಾಟ್ರಿಕ್ಸ್, ಮ್ಯಾಟ್ರಿಕ್ಸ್, ಕ್ರಿಸ್ಟ. ಡಿ ತೀರ್ಮಾನ ಆದರೆ ಎರಡು ಆಯ್ಕೆ ಒಟ್ಟಿಗೇ ಹೋಗುತ್ತವೆ. ಮಧ್ಯದ ಬಯಲು ಮ್ಯಾಟ್ರಿಕ್ಸ್ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಆಯ್ಕೆ 1, 4 ಔಟ್. ಉಳಿದ 2 ಮತ್ತು 3 ರ ನಡುವೆ ವ್ಯತ್ಯಾಸ ಇರುವುದು ಎ ನಲ್ಲಿ ಮಾತ್ರ. ಹೊರಗಿನ ಗೆರೆ ಹೊರಪೊರೆ. ಉತ್ತರ 2.

ಗಮನಿಸಿದಿರಾ, ಅತಿ ಕಷ್ಟದ ಬಾಣ ಬಿ. ಅದನ್ನು ನಾವು ಮುಟ್ಟಲೇ ಇಲ್ಲ. ಅದರಿಂದಲೇ ಶುರು ಮಾಡಿದವರು ನೇರವಾಗಿ ಬಲೆಗೆ ಬೀಳುತ್ತಾರೆ. ಬೈನರಿ ಸರ್ಚ್ ಮಾಡುವಾಗ ಯಾವ ಪ್ರಶ್ನೆ ಪಟ್ಟಿಯನ್ನು ಸರಿಯಾಗಿ ಅರ್ಧ ಮಾಡುತ್ತೋ ಅದನ್ನು ಮೊದಲು ಕೇಳುತ್ತೇವೆ. ಇಲ್ಲೂ ಅದೇ, ಜೊತೆಗೆ ನಮಗೆ ಖಾತ್ರಿ ಇರುವ ಬಾಣವೂ ಆಗಿರಬೇಕು. ಎರಡೂ ಗುಣ ಇರುವ ಬಾಣ ಸಿಗದಿದ್ದರೆ ಖಾತ್ರಿ ಇರುವುದಕ್ಕೇ ಮೊದಲ ಮರ್ಯಾದೆ. ಅರ್ಧ ಮಾಡುವ ಬಾಣದ ಮೇಲೆ ಊಹೆ ಮಾಡಿದರೆ ಸರಿ ಉತ್ತರವನ್ನೇ ಕಿತ್ತು ಎಸೆದ ಹಾಗಾಗತ್ತೆ.

ಆದರೆ ಉತ್ತರ ಸಿಕ್ಕಿದ ಮೇಲೆ ಬಿ ಮತ್ತು ಸಿ ಯನ್ನು ನೋಡಲೇಬೇಕು. ಎಲ್ಲಾ ಹೆಸರೂ ಸರಿ ಇರಬೇಕು ಅನ್ನೋದು ಪ್ರಶ್ನೆಯ ಷರತ್ತು, ಮತ್ತು ಅದು ನಮಗೆ ಉಚಿತವಾಗಿ ಸಿಗುವ ಚೆಕ್. ಡೇಟಾ ಜೊತೆ ಪ್ಯಾರಿಟಿ ಬಿಟ್ ಕಳಿಸುತ್ತೇವಲ್ಲ, ಹಾಗೆ. ಬಳಸದೆ ಉಳಿದ ಬಾಣಗಳು ತಾಳೆಯಾಗದಿದ್ದರೆ ಎಲ್ಲೋ ಒಂದು ತುದಿಯನ್ನು ತಪ್ಪು ಓದಿದ್ದೇವೆ ಅಂತ ಅರ್ಥ. ಹಾಗಾದರೆ ಬಿ ಅನ್ನು ಪರೀಕ್ಷೆ ಮಾಡುವುದು ಹೇಗೆ?

ಪೇಂಟ್ ಸಾಫ್ಟ್‌ವೇರಿನಲ್ಲಿ ಬಣ್ಣದ ಬಕೆಟ್ ಇರತ್ತಲ್ಲ, ಒಂದು ಕಡೆ ಕ್ಲಿಕ್ ಮಾಡಿದರೆ ಗೆರೆ ಅಡ್ಡ ಬರುವ ತನಕ ಬಣ್ಣ ಹರಿಯುತ್ತದೆ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಫ್ಲಡ್ ಫಿಲ್ ಅಂತ ಅದನ್ನೇ ಬರೆಯುವುದು. ಬಾಣದ ತುದಿ ಖಾಲಿ ಜಾಗದಲ್ಲಿ ನಿಂತಿದ್ದರೆ ಅಲ್ಲಿ ಬಣ್ಣ ಸುರಿಯಿರಿ, ಮನಸ್ಸಿನಲ್ಲೇ. ಬಿ ತುದಿಯಲ್ಲಿ ಸುರಿದ ಬಣ್ಣ ಎಲ್ಲಿಗೆ ಹೋಗತ್ತೆ? ಬೆರಳಿನ ತುದಿಯ ಕಡೆ ಹೋದರೆ ಗೆರೆ ತಿರುಗಿಕೊಂಡಿದೆ, ದಾರಿ ಬಂದ್. ಬುಡದ ಕಡೆ ಬಂದರೆ ದಾರಿ ತೆರೆದಿದೆ. ಅಲ್ಲಿಂದ ಹೊರಬಂದು, ಹೊರಗೆರೆ ಮತ್ತು ಒಳಗೆರೆಗಳ ನಡುವೆ ಇಡೀ ಕ್ಯಾಪ್ಸೂಲನ್ನು ಸುತ್ತು ಹಾಕುತ್ತದೆ. ಮಧ್ಯದ ಬಯಲಿಗೆ ಒಂದು ಹನಿಯೂ ಬೀಳುವುದಿಲ್ಲ. ಅಂದಮೇಲೆ ಬಿ ಪೊರೆಗಳ ನಡುವಿನ ಅವಕಾಶವೇ. ಕಣ್ಣಿಗೆ ಅದು ಒಳಗೆ ಕಾಣುತ್ತದೆ, ಲೆಕ್ಕಕ್ಕೆ ಅದು ಇನ್ನೂ ಪೊರೆಯ ಹೊರಗೆ. ಅಂಗಿಯ ಜೇಬಿನೊಳಗೆ ಕೈ ಹಾಕಿದರೆ ಕೈ ಅಂಗಿಯ ಒಳಗೆ ಹೋಯ್ತು ಅನ್ನಿಸತ್ತೆ, ಆದರೆ ಹೊಟ್ಟೆಗೆ ತಾಗುವುದಿಲ್ಲ.

ತುದಿ ಜಾಗದಲ್ಲಿ ನಿಲ್ಲದೆ ಗೆರೆಯ ಮೇಲೆ ನಿಂತಿದ್ದರೆ ಬಣ್ಣದ ಬದಲು ಬೆರಳು ಬಳಸಿ. ಆ ಗೆರೆಯ ಮೇಲೆ ಬೆರಳಿಟ್ಟು ಎತ್ತದೆ ಸಾಗಿ. ಸಿ ಬಾಣದ ಗೆರೆ ಹಿಡಿದು ಹೋದರೆ ಒಳಪೊರೆಗೇ ಬಂದು ಸೇರುತ್ತೇವೆ. ಕ್ರಿಸ್ಟ ಅನ್ನೋದು ಬೇರೆ ವಸ್ತು ಅಲ್ಲ, ಒಳಪೊರೆಯದೇ ಮಡಿಕೆ. ಹಾಗಾಗಿ ಮಡಿಕೆಯ ಮೇಲೆ ಬಾಣ ಇದ್ದು ಆಯ್ಕೆಯಲ್ಲಿ "ಒಳಪೊರೆ" ಅಂತ ಇದ್ದರೆ ಅದು ಸುಳ್ಳಲ್ಲ, ಆದರೆ ಬೇರೊಂದು ಆಯ್ಕೆಯಲ್ಲಿ "ಕ್ರಿಸ್ಟ" ಇದ್ದರೆ ಅದು ಹೆಚ್ಚು ನಿಖರ. ಇಂಥ ಕಡೆ ಆ ಬಾಣವನ್ನು ಪಕ್ಕಕ್ಕಿಟ್ಟು ಉಳಿದ ಮೂರರಿಂದ ತೀರ್ಮಾನ ಮಾಡುವುದು ಒಳ್ಳೆಯದು.

ಈ ಒಳಗೆ ಹೊರಗೆ ಲೆಕ್ಕ ಪರೀಕ್ಷೆಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಮೈಟೊಕಾಂಡ್ರಿಯ ಕೆಲಸ ಮಾಡುವುದೇ ಇದರ ಮೇಲೆ. ಒಳಪೊರೆಯಲ್ಲಿರುವ ಪ್ರೋಟೀನುಗಳು ಪ್ರೋಟಾನುಗಳನ್ನು ಮ್ಯಾಟ್ರಿಕ್ಸಿನಿಂದ ಎತ್ತಿ ಪೊರೆಗಳ ನಡುವಿನ ಅವಕಾಶಕ್ಕೆ ಪಂಪ್ ಮಾಡುತ್ತವೆ. ಅವು ವಾಪಸ್ ಮ್ಯಾಟ್ರಿಕ್ಸಿಗೆ ಇಳಿಯುವಾಗ ಎಟಿಪಿ ತಯಾರಾಗುತ್ತದೆ. ಅಣೆಕಟ್ಟಿನ ಹಿಂದೆ ನೀರು ಏರಿಸಿ ಟರ್ಬೈನ್ ತಿರುಗಿಸಿದ ಹಾಗೆ. ಬಿ ಸಂದಿ ಮ್ಯಾಟ್ರಿಕ್ಸ್ ಆಗಿದ್ದರೆ ಅಣೆಕಟ್ಟಿನ ಎರಡೂ ಬದಿ ಒಂದೇ ಕೆರೆ ಆಗಿ, ಇಳಿಯುವುದಕ್ಕೆ ಎತ್ತರವೇ ಇರುತ್ತಿರಲಿಲ್ಲ. ಚಿತ್ರದಲ್ಲಿ ಕ್ರಿಸ್ಟದ ಮೇಲೆ ಗುಂಡುಸೂಜಿಯ ತಲೆಯಂಥ ಗುಬುಟು ಬರೆದಿದ್ದರೆ ಅವು ಎಟಿಪಿ ಮಾಡುವ ಕಿಣ್ವದ ತಲೆಗಳು, ಯಾವಾಗಲೂ ಮ್ಯಾಟ್ರಿಕ್ಸ್ ಕಡೆಗೇ ಮುಖ ಮಾಡಿರುತ್ತವೆ. ಹಾಗಾಗಿ ಗುಬುಟು ಯಾವ ಕಡೆ ಚಾಚಿದೆ ಅಂತ ನೋಡಿದರೆ ಯಾವುದು ಮ್ಯಾಟ್ರಿಕ್ಸ್ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಒಂದು ಎಚ್ಚರಿಕೆ. ಪುಸ್ತಕದ ಚಿತ್ರ ಒಂದು ಸೀಳು. ಈರುಳ್ಳಿಯನ್ನು ಚಾಕುವಿನಲ್ಲಿ ಒಂದೇ ಸಲ ಕತ್ತರಿಸಿ ಮುಖ ನೋಡಿದ ಹಾಗೆ. ಕೆಲವು ಚಿತ್ರಗಳಲ್ಲಿ ಮಧ್ಯದ ಬಯಲಲ್ಲಿ ಎಲ್ಲಿಗೂ ಸೇರದ ಉದ್ದನೆಯ ದ್ವೀಪದಂಥ ಸುತ್ತು ಗೆರೆ ಕಾಣುತ್ತದೆ. ಬಣ್ಣ ಸುರಿದರೆ ಅದರೊಳಗೇ ನಿಲ್ಲತ್ತೆ. ಅದೂ ಕ್ರಿಸ್ಟವೇ. ಅದರ ಬುಡ ಸೀಳಿನ ಮೇಲೋ ಕೆಳಗೋ ಉಳಿದಿದೆ ಅಷ್ಟೇ. ಇನ್ನೊಂದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಳು ಸೀಳುಗಳನ್ನು ನೋಡಿ 1950ರ ದಶಕದಲ್ಲಿ ಜಾರ್ಜ್ ಪಲಾಡೆ ಕೊಟ್ಟ ಚಿತ್ರದಲ್ಲಿ ಕ್ರಿಸ್ಟದ ಬಾಯಿ ಅಗಲವಾಗಿ ತೆರೆದಿತ್ತು. 1990ರ ದಶಕದಲ್ಲಿ ಎಲೆಕ್ಟ್ರಾನ್ ಟೊಮೊಗ್ರಫಿಯಿಂದ ಮೂರು ಆಯಾಮದ ಚಿತ್ರ ಕಟ್ಟಿದಾಗ, ಬಹಳ ಕ್ರಿಸ್ಟಗಳು ಕಿರಿದಾದ ಕೊಳವೆಯಂಥ ಕತ್ತಿನ ಮೂಲಕ ಹೊರಗಿನ ಸಂದಿಗೆ ಸೇರುತ್ತವೆ ಅಂತ ಕಂಡಿತು. ಪಠ್ಯಪುಸ್ತಕಗಳು ಹಳೆಯ ಅಗಲ ಬಾಯಿಯನ್ನೇ ಬರೆಯುತ್ತಿವೆ. ಪರೀಕ್ಷೆಗೆ ಅದರಿಂದ ತೊಂದರೆ ಇಲ್ಲ, ಬಾಯಿ ಚಿಕ್ಕದಾದರೂ ಬಣ್ಣ ಹರಿಯುತ್ತದೆ.

ಕ್ಲೋರೋಪ್ಲಾಸ್ಟ್ ಚಿತ್ರಕ್ಕೂ ಇದೇ ಉಪಾಯ ಸಾಕು, ಆದರೆ ಒಂದು ಮುಖ್ಯ ವ್ಯತ್ಯಾಸ ಇದೆ. ಅಲ್ಲಿ ಒಳಪೊರೆ ನೀಟಾಗಿ ಸುತ್ತಿಕೊಂಡು ಬರುತ್ತದೆ, ಮಡಿಕೆ ಇಲ್ಲ. ಒಳಗಿರುವ ಥೈಲಕಾಯ್ಡ್‌ಗಳು ಬೇರೆಯೇ ಮುಚ್ಚಿದ ಚೀಲಗಳು. ಥೈಲಕಾಯ್ಡಿನ ಒಳಗೆ ಸುರಿದ ಬಣ್ಣ ಅಲ್ಲೇ ಉಳಿಯುತ್ತದೆ, ಅಥವಾ ಗ್ರಾನಗಳನ್ನು ಜೋಡಿಸುವ ಸ್ಟ್ರೋಮಾ ಲ್ಯಾಮೆಲ್ಲದ ಮೂಲಕ ಪಕ್ಕದ ಗ್ರಾನಕ್ಕೆ ಹೋಗಬಹುದು, ಎರಡು ಹೊರಪೊರೆಗಳ ನಡುವಿನ ಸಂದಿಗೆ ಮಾತ್ರ ಬರಲ್ಲ. ಇನ್ನು ಗ್ರಾನ ಮತ್ತು ಥೈಲಕಾಯ್ಡ್ ಗೊಂದಲ: ನಾಣ್ಯದ ಕಂತೆ ಗ್ರಾನ, ಒಂದು ನಾಣ್ಯ ಥೈಲಕಾಯ್ಡ್. ಕಂತೆಗೆ ಗುರುತು ಹಾಕುವಾಗ ಸಾಮಾನ್ಯವಾಗಿ ಇಡೀ ಕಂತೆಯನ್ನು ಅಪ್ಪುವ ಹಾಗೆ ಆವರಣ ಚಿಹ್ನೆ ಹಾಕಿರುತ್ತಾರೆ. ಒಂಟಿ ಬಾಣದ ತುದಿ ಒಂದೇ ಬಿಲ್ಲೆಯನ್ನು ಮುಟ್ಟಿದ್ದರೆ ಥೈಲಕಾಯ್ಡ್.

ಈಗ ಸ್ವಲ್ಪ ದೊಡ್ಡ ಚಿತ್ರಕ್ಕೆ ಬರೋಣ. ಪ್ರೋಟೀನು ತಯಾರಿಸಿ ಹೊರಗೆ ಕಳಿಸುವ ಗ್ರಂಥಿಯ ಜೀವಕೋಶ, ಉದಾಹರಣೆಗೆ ಮೇದೋಜೀರಕ ಗ್ರಂಥಿಯದು. ನಡುವೆ ಎರಡು ಗೆರೆಯ ಸುತ್ತು ಇರುವ ಕೋಶಕೇಂದ್ರ. ಅದಕ್ಕೆ ಅಂಟಿಕೊಂಡಂತೆ ಮಡಿಕೆ ಮಡಿಕೆಯಾಗಿ ಚಪ್ಪಟೆ ಚೀಲಗಳು, ಅವುಗಳ ಗೆರೆಯ ಮೇಲೆಲ್ಲ ಚುಕ್ಕಿ. ಎ ಬಾಣ ಇಲ್ಲಿ. ಸ್ವಲ್ಪ ದೂರದಲ್ಲಿ ಚುಕ್ಕಿ ಇಲ್ಲದ ಕೊಳವೆಗಳು, ಬಿ ಬಾಣ ಅಲ್ಲಿ. ಇನ್ನೂ ಆಚೆ, ಬಾಗಿದ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಒಂದು ಕಂತೆ, ಸುತ್ತ ಸಣ್ಣ ಗುಳ್ಳೆಗಳು. ಸಿ ಬಾಣ ಆ ಕಂತೆಗೆ. ಡಿ ಬಾಣ, ಯಾವುದಕ್ಕೂ ಅಂಟದೆ ಕೋಶದ್ರವ್ಯದಲ್ಲಿ ಬಿದ್ದಿರುವ ಒಂದು ಒಂಟಿ ಚುಕ್ಕಿಗೆ.

1) ಎ ನಯವಾದ ಇಆರ್, ಬಿ ಒರಟು ಇಆರ್, ಸಿ ಗಾಲ್ಗಿ, ಡಿ ರೈಬೋಸೋಮ್
2) ಎ ಒರಟು ಇಆರ್, ಬಿ ಗಾಲ್ಗಿ, ಸಿ ನಯವಾದ ಇಆರ್, ಡಿ ಲೈಸೋಸೋಮ್
3) ಎ ಒರಟು ಇಆರ್, ಬಿ ನಯವಾದ ಇಆರ್, ಸಿ ಗಾಲ್ಗಿ, ಡಿ ರೈಬೋಸೋಮ್
4) ಎ ಒರಟು ಇಆರ್, ಬಿ ನಯವಾದ ಇಆರ್, ಸಿ ಗಾಲ್ಗಿ, ಡಿ ಲೈಸೋಸೋಮ್

ಇಆರ್ ಅಂದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಪೂರ್ತಿ ಬರೆಯುತ್ತಾ ಹೋದರೆ ಪುಟ ಸಾಲಲ್ಲ. ಉದ್ದಕ್ಕೆ ಓದಿ. ಡಿ ಅಚ್ಚುಕಟ್ಟಾಗಿ ಎರಡು ಎರಡು ಆಗಿ ಒಡೆಯುತ್ತದೆ. ಆಯ್ಕೆ 3 ಮತ್ತು 4 ರ ನಡುವೆ ಬೇರೆ ವ್ಯತ್ಯಾಸವೇ ಇಲ್ಲದಿರುವುದರಿಂದ ಡಿ ತಪ್ಪಿಸಿಕೊಂಡು ಹೋಗುವ ದಾರಿಯೂ ಇಲ್ಲ.

ಒಂಟಿ ಚುಕ್ಕಿ ರೈಬೋಸೋಮೋ ಲೈಸೋಸೋಮೋ? ಬಣ್ಣದ ಬಕೆಟ್ ತಗೊಳ್ಳಿ. ಲೈಸೋಸೋಮ್ ಪೊರೆ ಇರುವ ಚೀಲ. ಒಳಗೆ ಜೀರ್ಣ ಮಾಡುವ ಕಿಣ್ವಗಳಿವೆ, ಆದ್ದರಿಂದಲೇ ಅದನ್ನು ಕಟ್ಟಿ ಇಡುವುದು. ಚಿತ್ರದಲ್ಲಿ ಅದಕ್ಕೆ ಒಂದು ಗೆರೆ ಇರುತ್ತದೆ, ಗೆರೆಯೊಳಗೆ ಬಣ್ಣ ಸುರಿಯಲು ಜಾಗ ಇರುತ್ತದೆ. ರೈಬೋಸೋಮಿಗೆ ಪೊರೆಯೇ ಇಲ್ಲ, ಅದು ಆರ್‌ಎನ್‌ಎ ಮತ್ತು ಪ್ರೋಟೀನಿನ ಗಟ್ಟಿ ಉಂಡೆ. ಬಕೆಟಿಗೆ ಅಲ್ಲಿ ಕೆಲಸ ಇಲ್ಲ. ಗಾತ್ರವೂ ಹೇಳುತ್ತದೆ. ನಮ್ಮ ಜೀವಕೋಶಗಳ ರೈಬೋಸೋಮ್ ಸುಮಾರು 25 ರಿಂದ 30 ನ್ಯಾನೊಮೀಟರ್. ಲೈಸೋಸೋಮ್ ಅದರ ಹತ್ತಾರು ಪಟ್ಟು ದೊಡ್ಡದಿರಬಹುದು. ಚಿತ್ರಗಳು ಅಳತೆಗೆ ಸರಿಯಾಗಿ ಇರುವುದಿಲ್ಲ, ನಿಜ. ಆದರೆ ಒಂದೇ ಚಿತ್ರದೊಳಗೆ ಹೋಲಿಕೆ ಮಾಡಬಹುದು. ಒಂಟಿ ಚುಕ್ಕಿ, ಒರಟು ಇಆರ್ ಮೇಲಿನ ಚುಕ್ಕಿಯಷ್ಟೇ ಇದ್ದರೆ ಎರಡೂ ಒಂದೇ ವಸ್ತು. ಡಿ ರೈಬೋಸೋಮ್, ಉಳಿದದ್ದು 1 ಮತ್ತು 3. ಎ ಬಾಣದ ಗೆರೆಯ ಮೇಲೆ ಚುಕ್ಕಿಗಳಿವೆ, ಆದ್ದರಿಂದ ಒರಟು. ಉತ್ತರ 3.

ಇನ್ನು ಚೆಕ್. ಬಿ ಮತ್ತು ಸಿ ಎರಡಕ್ಕೂ ಚುಕ್ಕಿ ಇಲ್ಲ, ಎರಡೂ ಚೀಲ ಕೊಳವೆಗಳೇ. ಆಯ್ಕೆ 2 ಇವನ್ನೇ ಅದಲು ಬದಲು ಮಾಡಿರುವುದು. ಇಲ್ಲಿ ಬಕೆಟ್ ಬಹಳ ಚೆನ್ನಾಗಿ ಕೆಲಸ ಮಾಡತ್ತೆ. ಕೋಶಕೇಂದ್ರದ ಹೊರಪೊರೆ ಇಆರ್ ಜೊತೆ ಮುಂದುವರಿದಿರುತ್ತದೆ, ಎರಡೂ ಒಂದೇ ಪೊರೆ. ಹಾಗಾಗಿ ಇಆರ್ ಒಳಗೆ ಸುರಿದ ಬಣ್ಣ ಮೆಲ್ಲಗೆ ಹರಿದು ಕೋಶಕೇಂದ್ರದ ಎರಡು ಪೊರೆಗಳ ನಡುವಿನ ಸಂದಿಗೆ ಹೋಗಿ ಸೇರುತ್ತದೆ. ಕೋಶಕೇಂದ್ರದ ಒಳಕ್ಕೆ ಹೋಗಲ್ಲ, ಸಂದಿಯಲ್ಲೇ ಸುತ್ತುತ್ತದೆ. ನಯವಾದ ಇಆರ್ ಒರಟು ಇಆರ್ ಜೊತೆ ಸೇರಿಕೊಂಡಿರುವುದರಿಂದ ಅಲ್ಲಿಂದಲೂ ದಾರಿ ಇದೆ. ಗಾಲ್ಗಿಯ ದೋಸೆಯೊಳಗೆ ಸುರಿದ ಬಣ್ಣಕ್ಕೆ ಆ ದಾರಿ ಇಲ್ಲ. ಗಾಲ್ಗಿ ಇಆರ್‌ಗೆ ಅಂಟಿಕೊಂಡಿಲ್ಲ, ಅವೆರಡರ ನಡುವೆ ಸರಕು ಹೋಗುವುದು ಗುಳ್ಳೆಗಳಲ್ಲಿ ಪಾರ್ಸೆಲ್ ಆಗಿ. ಪೈಪ್ ಇರುವ ಊರು ಒಂದು, ಟ್ಯಾಂಕರ್ ಬರುವ ಊರು ಇನ್ನೊಂದು. ಬಿ ಯಿಂದ ಪೈಪ್ ಸಿಕ್ಕಿತು, ಸಿ ಸುತ್ತ ಟ್ಯಾಂಕರ್‌ಗಳಿವೆ. ಆಯ್ಕೆ 3 ತಾಳೆಯಾಯ್ತು.

ಗಾಲ್ಗಿಯಲ್ಲೇ ಇನ್ನೂ ಆಳಕ್ಕೆ ಹೋಗಿ ಸಿಸ್ ಮುಖ, ಟ್ರಾನ್ಸ್ ಮುಖ ಅಂತ ಎರಡು ಬಾಣ ಹಾಕುವವರೂ ಇದ್ದಾರೆ. ಉಬ್ಬಿದ ಬದಿ ಸಿಸ್, ಅದು ಸರಕು ಬಂದಿಳಿಯುವ ಬದಿ. ತಗ್ಗಿನ ಬದಿ ಟ್ರಾನ್ಸ್, ಅಲ್ಲಿಂದ ಸರಕು ಹೊರಡುತ್ತದೆ. ಉಬ್ಬು ತಗ್ಗು ಮರೆತರೆ ಕೋಶಕೇಂದ್ರ, ಇಆರ್ ಯಾವ ಕಡೆ ಇವೆ ನೋಡಿ. ಅವುಗಳ ಕಡೆಗಿರುವುದು ಸಿಸ್, ಜೀವಕೋಶದ ಹೊರಪೊರೆಯ ಕಡೆಗಿರುವುದು ಟ್ರಾನ್ಸ್. ಚಿತ್ರದಲ್ಲಿ ಗಾಲ್ಗಿಯನ್ನು ಒಂಟಿಯಾಗಿ ಕಿತ್ತು ಬರೆದಿದ್ದರೆ ಈ ಎರಡನೇ ಸುಳಿವು ಸಿಗಲ್ಲ, ಆಗ ಉಬ್ಬನ್ನೇ ನಂಬಬೇಕು.

ಬಕೆಟ್ ಉಪಾಯ ಕೈಕೊಡುವ ಚಿತ್ರವೂ ಇದೆ. ಸಿಲಿಯ ಅಥವಾ ಫ್ಲಜೆಲ್ಲದ ಅಡ್ಡ ಸೀಳು. ಅಲ್ಲಿ ತುಂಬುವುದಕ್ಕೆ ಕೋಣೆಗಳಿಲ್ಲ, ಎಣಿಸುವುದಕ್ಕೆ ಕೊಳವೆಗಳಿವೆ. ಅಂಚಿನಲ್ಲಿ ಜೋಡಿ ಜೋಡಿಯಾಗಿ 9, ಮಧ್ಯೆ 2 ಬಿಡಿ ಕೊಳವೆ, ಇದನ್ನೇ 9+2 ಅನ್ನುವುದು. ಸೆಂಟ್ರಿಯೋಲ್ ಸೀಳೂ ದೂರದಿಂದ ಹೀಗೇ ಎತ್ತಿನಗಾಡಿ ಚಕ್ರದ ಹಾಗೆ ಕಾಣತ್ತೆ, ಆದರೆ ಅಂಚಿನಲ್ಲಿ ಮೂರು ಮೂರರ 9 ಗುಂಪು, ಮಧ್ಯೆ ಕೊಳವೆ ಇಲ್ಲ, ಅಲ್ಲಿ ಪ್ರೋಟೀನಿನ ಗುಂಬ ಇದೆ. ಚಕ್ರದ ಅರಗಳಂತೆ ಇರುವ ರೇಡಿಯಲ್ ಸ್ಪೋಕ್ ಎರಡರಲ್ಲೂ ಇದೆ. ಹಾಗಾಗಿ ಆಯ್ಕೆಯಲ್ಲಿ ಆ ಹೆಸರು ಕಂಡ ತಕ್ಷಣ ಖುಷಿಪಡಬೇಡಿ, ಅದು ಏನನ್ನೂ ತೀರ್ಮಾನ ಮಾಡಲ್ಲ. ಮಧ್ಯೆ ಎರಡು ಕೊಳವೆ ಇದೆಯಾ ಇಲ್ಲವಾ ಅನ್ನೋದೇ ತೀರ್ಮಾನ.

ಪೂರ್ತಿ ಸಸ್ಯಕೋಶ ಅಥವಾ ಪ್ರಾಣಿಕೋಶ ಕೊಟ್ಟಾಗ ಇನ್ನೊಂದು ಲಾಭ ಇದೆ. ಹೆಸರುಗಳು ಒಂದಕ್ಕೊಂದು ಸಂಬಂಧ ಇಲ್ಲದವಲ್ಲ. ಚಿತ್ರದಲ್ಲಿ ದಪ್ಪ ಕೋಶಭಿತ್ತಿ ಮತ್ತು ಕ್ಲೋರೋಪ್ಲಾಸ್ಟ್ ಕಂಡರೆ, ಸೆಂಟ್ರಿಯೋಲ್ ಇರುವ ಆಯ್ಕೆಯನ್ನು ಬಾಣ ನೋಡುವ ಮೊದಲೇ ಅನುಮಾನಿಸಬಹುದು. ನಮಗೆ ಪರಿಚಿತ ಹೂ ಬಿಡುವ ಗಿಡಗಳ ಕೋಶಗಳಲ್ಲಿ ಸೆಂಟ್ರಿಯೋಲ್ ಇರುವುದಿಲ್ಲ. ಇದನ್ನು ಎಲ್ಲಾ ಕಡೆ ಎಳೆಯಬೇಡಿ. ಕ್ಲಾಮಿಡೊಮೊನಾಸ್ ಎಂಬ ಪಾಚಿಗೆ ಕೋಶಭಿತ್ತಿಯೂ ಇದೆ, ಕ್ಲೋರೋಪ್ಲಾಸ್ಟೂ ಇದೆ, ಸೆಂಟ್ರಿಯೋಲೂ ಇದೆ. ಯೂಗ್ಲಿನಾಗೆ ಕ್ಲೋರೋಪ್ಲಾಸ್ಟ್ ಇದ್ದರೂ ಕೋಶಭಿತ್ತಿ ಇಲ್ಲ.

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರಿಗೆ ಮತ್ತು ನಮ್ಮಂಥ ಇಂಗ್ಲಿಷ್ ಮೀಡಿಯಂ ಗಿರಾಕಿಗಳಿಗೆ ಇಲ್ಲಿ ಎದುರು ಬದುರು ಸಮಸ್ಯೆ. ಅವರಿಗೆ ಕೋಶಕೇಂದ್ರ, ರಸದಾನಿ, ಕೋಶಭಿತ್ತಿ, ಕೋಶಪೊರೆ ಗೊತ್ತು. ನಮಗೆ ನ್ಯೂಕ್ಲಿಯಸ್, ವ್ಯಾಕ್ಯುವೋಲ್ ಗೊತ್ತು. ನೀಟ್ ಪೇಪರನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಆದ್ದರಿಂದ ತಂಗಿಗೆ ಹೇಳಿಕೊಡುವಾಗ ಎರಡೂ ಹೆಸರನ್ನು ಒಂದೇ ಬಾಣದ ಎದುರು ಬರೆಸಿ. ನಮಗೆ ಅನ್ನಿಸುವ ಹಾಗೆ ಕನ್ನಡದ ಹೆಸರುಗಳು ಒಂದು ವಿಷಯದಲ್ಲಿ ವಾಸಿ. ಪೊರೆ ಅಂದರೆ ಗೆರೆ, ಅವಕಾಶ ಅಂದರೆ ಜಾಗ, ದಾನಿ ಅಂದರೆ ತುಂಬಿಡುವ ಪಾತ್ರೆ. ಬಾಣ ಗೆರೆಯ ಮೇಲಿದೆಯೋ ಜಾಗದಲ್ಲಿದೆಯೋ ಅನ್ನೋದನ್ನು ಹೆಸರೇ ಹೇಳಿಬಿಡುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ಆಯ್ಕೆ ಉಳಿದರೆ? ನೀಟಿನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ನಾಲ್ಕರಲ್ಲಿ ಕಣ್ಣು ಮುಚ್ಚಿ ಹಾಕಿದರೆ ಸರಾಸರಿ ಸಿಗುವುದು ಕಾಲು ಅಂಕ. ಎರಡಕ್ಕೆ ಇಳಿಸಿ ಹಾಕಿದರೆ ಸರಾಸರಿ ಒಂದೂವರೆ. ಒಂದೇ ಒಂದು ಬಾಣದ ತುದಿ ಸರಿಯಾಗಿ ಓದಿದ್ದಕ್ಕೆ ಅಷ್ಟು ವ್ಯತ್ಯಾಸ. ಸಿಇಟಿಯಲ್ಲಿ ಕಳೆಯುವುದೇ ಇಲ್ಲ, ಅಲ್ಲಿ ಖಾಲಿ ಬಿಡುವ ಮಾತೇ ಬೇಡ.

ಕೊನೆಗೆ ನಿಮಗೊಂದು. ಅಕ್ಕಪಕ್ಕದ ಎರಡು ಸಸ್ಯಕೋಶ ಬರೆಯಿರಿ, ನಡುವೆ ದಪ್ಪ ಭಿತ್ತಿ. ಭಿತ್ತಿಗೆ ಒಳಬದಿಯಲ್ಲಿ ಒತ್ತಿಕೊಂಡು ತೆಳು ಗೆರೆ. ಮಧ್ಯೆ ದೊಡ್ಡ ರಸದಾನಿ. ಎ ತುದಿ ಆ ತೆಳು ಗೆರೆಯ ಮೇಲೆ. ಬಿ ತುದಿ ರಸದಾನಿಯನ್ನು ಸುತ್ತಿದ ಗೆರೆಯ ಮೇಲೆ. ಸಿ ತುದಿ ರಸದಾನಿಯ ಒಳಗಿನ ಖಾಲಿಯಲ್ಲಿ. ಡಿ ತುದಿ, ಎರಡು ಕೋಶಗಳ ನಡುವಿನ ಭಿತ್ತಿಯಲ್ಲಿರುವ ಸಣ್ಣ ಕಿಂಡಿಯಲ್ಲಿ.

1) ಎ ಕೋಶಭಿತ್ತಿ, ಬಿ ಟೋನೊಪ್ಲಾಸ್ಟ್, ಸಿ ಕೋಶರಸ, ಡಿ ಪ್ಲಾಸ್ಮೊಡೆಸ್ಮ
2) ಎ ಕೋಶಪೊರೆ, ಬಿ ಟೋನೊಪ್ಲಾಸ್ಟ್, ಸಿ ಕೋಶದ್ರವ್ಯ, ಡಿ ಪ್ಲಾಸ್ಮೊಡೆಸ್ಮ
3) ಎ ಕೋಶಪೊರೆ, ಬಿ ಟೋನೊಪ್ಲಾಸ್ಟ್, ಸಿ ಕೋಶರಸ, ಡಿ ಪ್ಲಾಸ್ಮೊಡೆಸ್ಮ
4) ಎ ಕೋಶಭಿತ್ತಿ, ಬಿ ಕೋಶಪೊರೆ, ಸಿ ಕೋಶರಸ, ಡಿ ನಡು ಲ್ಯಾಮೆಲ್ಲ

ಮೊದಲು ಎ, ಅದು ಎರಡು ಎರಡಾಗಿ ಒಡೆಯುತ್ತದೆ. ದಪ್ಪ ಭಿತ್ತಿಯ ಒಳಬದಿಯ ತೆಳು ಗೆರೆ ಕೋಶಪೊರೆ, ಹಾಗಾಗಿ 1, 4 ಹೋಯ್ತು. ಉಳಿದ ಎರಡರ ವ್ಯತ್ಯಾಸ ಸಿ. ಅಲ್ಲಿ ಸುರಿದ ಬಣ್ಣ ಟೋನೊಪ್ಲಾಸ್ಟ್ ದಾಟುವುದಿಲ್ಲ, ಆದ್ದರಿಂದ ಅದು ರಸದಾನಿಯ ಕೋಶರಸ. ಉತ್ತರ 3. ಈಗ ಚೆಕ್ ಮಾಡುವುದಕ್ಕೆ ಟೋನೊಪ್ಲಾಸ್ಟಿನ ಆಚೆ, ಕೋಶದ್ರವ್ಯದಲ್ಲಿ ಬಣ್ಣ ಸುರಿಯಿರಿ. ಅದು ರಸದಾನಿಯನ್ನು ಸುತ್ತು ಹಾಕಿ, ಡಿ ಕಿಂಡಿಯಲ್ಲಿ ನುಗ್ಗಿ, ಯಾವ ಗೆರೆಯನ್ನೂ ದಾಟದೆ ಪಕ್ಕದ ಕೋಶಕ್ಕೆ ಹೋಗಿಬಿಡುತ್ತದೆ. ನಡು ಲ್ಯಾಮೆಲ್ಲ ಅಕ್ಕಪಕ್ಕದ ಭಿತ್ತಿಗಳನ್ನು ಅಂಟಿಸುವ ಗಾರೆ, ಅದರ ಮೂಲಕ ಹೀಗೆ ಹರಿಯಲು ಬರುವುದಿಲ್ಲ. ಹರಿಯಲು ಬರುವುದು ಪ್ಲಾಸ್ಮೊಡೆಸ್ಮದಲ್ಲಿ.